ಪೈ ನಕ್ಷೆಯಿಂದ ಕೋಷ್ಟಕಕ್ಕೆ: ಮೊತ್ತ ನೂರಾಗದಿದ್ದಾಗ ಏನು ಮಾಡಬೇಕು

ವರದಿಯೊಂದರಲ್ಲಿ ಪೈ ನಕ್ಷೆ ಇದೆ, ಪ್ರತಿ ಹೋಳಿನ ಮೇಲೆ ಶೇಕಡಾವಾರು ಅಂಕಿ ಮುದ್ರಿತವಾಗಿದೆ, ಆದರೆ ಆ ಅಂಕಿಗಳ ಕೋಷ್ಟಕ ಎಲ್ಲಿಯೂ ಇಲ್ಲ. ಇಂಥ ನಕ್ಷೆಯನ್ನು ಸಾಲು-ಕಾಲಂಗಳಿಗೆ ಇಳಿಸಿ ಕೂಡಿಸಿದಾಗ ಮೊತ್ತ 100 ಬಂದರೆ ಸರಿ, ಬಾರದಿದ್ದರೆ ತಪ್ಪು ಎಂದು ಬಹಳ ಜನ ಭಾವಿಸುತ್ತಾರೆ. ಈ ತಿಳಿವಳಿಕೆಯಿಂದ ಎರಡು ಬಗೆಯ ಹಾನಿ ಆಗುತ್ತದೆ. ಸರಿಯಾಗಿ ಓದಿದ ಅಂಕಿಯನ್ನು 100 ಮಾಡುವುದಕ್ಕಾಗಿ ತಿದ್ದಿಬಿಡುತ್ತಾರೆ, ಇಲ್ಲವೆ ತಪ್ಪಾಗಿ ಓದಿದ ಅಂಕಿಗಳು ಹೇಗೋ 100 ಆದವೆಂದು ನಿಶ್ಚಿಂತರಾಗುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ನಕ್ಷೆಯಲ್ಲಿರುವ ಹೋಳುಗಳ ಸಂಖ್ಯೆಗೆ ಮತ್ತು ಅಂಕಿಗಳನ್ನು ಮುದ್ರಿಸಿದ ನಿಖರತೆಗೆ, ಮೊತ್ತವು ನೂರರಿಂದ ಎಷ್ಟು ದೂರ ಹೋಗಲು ಅವಕಾಶವಿದೆ? ಆ ಅವಕಾಶವನ್ನು ಮೊದಲು ಲೆಕ್ಕ ಹಾಕಿಕೊಂಡರೆ ಉಳಿದ ಕೆಲಸ ಸುಲಭವಾಗುತ್ತದೆ.

ವಿವರಣೆಗಾಗಿ ನಾನೇ ಕಟ್ಟಿಕೊಂಡ ಒಂದು ನಕ್ಷೆಯನ್ನು ಇಲ್ಲಿ ಬಳಸುತ್ತೇನೆ. ವಿಜಯಪುರ ಜಿಲ್ಲೆಯ ಡೋಣಿ ನದಿಯ ಕಡೆಯ ಎರೆ ಭೂಮಿಯ ಒಂದು ಊರು ಎಂದುಕೊಳ್ಳಿ. ಹಿಂಗಾರಿನಲ್ಲಿ ಒಟ್ಟು 640 ಹೆಕ್ಟೇರ್ ಬಿತ್ತನೆ ಆಗಿದೆ. ನಕ್ಷೆಯಲ್ಲಿ ಏಳು ಹೋಳುಗಳಿವೆ: ಬಿಳಿಜೋಳ, ಕಡಲೆ, ಗೋಧಿ, ಸೂರ್ಯಕಾಂತಿ, ಕುಸುಬೆ, ಅಗಸೆ ಮತ್ತು ಇತರೆ. ಅಂಕಿಗಳು ಕನ್ನಡ ಅಂಕಿಗಳಲ್ಲಿವೆ, ದಶಾಂಶವಿಲ್ಲದೆ ಪೂರ್ಣ ಸಂಖ್ಯೆಯಲ್ಲಿ ಮುದ್ರಿತವಾಗಿವೆ. ನಮ್ಮ ಕೈಗೆ ಬಂದಿರುವುದು ಮೂಲ ಪ್ರತಿಯಲ್ಲ, ಅದರ ಕಪ್ಪು-ಬಿಳುಪು ಜೆರಾಕ್ಸ್. ಈ ಊರಾಗಲಿ ಈ ಅಂಕಿಗಳಾಗಲಿ ವಾಸ್ತವದವಲ್ಲ, ಆದರೆ ಇಲ್ಲಿ ಎದುರಾಗುವ ತೊಡಕುಗಳು ಕಚೇರಿಯ ಕಾಗದಗಳಲ್ಲಿ ದಿನವೂ ಕಾಣುವಂಥವು.

ಮೊದಲ ತೊಡಕು ಯಾವ ಹೋಳು ಯಾವ ಬೆಳೆಯದು ಎಂಬುದೇ. ಹೋಳಿನ ಮೇಲೆ ಶೇಕಡಾ ಅಂಕಿ ಮಾತ್ರ ಇದ್ದು, ಬೆಳೆಯ ಹೆಸರುಗಳು ಪಕ್ಕದ ಬಣ್ಣದ ಸೂಚಿಯಲ್ಲಿದ್ದರೆ, ಜೆರಾಕ್ಸಿನಲ್ಲಿ ಹಸಿರು, ಕೆಂಪು, ನೀಲಿಗಳೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿರುತ್ತವೆ. ಆಗ ನೆರವಿಗೆ ಬರುವುದು ಕ್ರಮ. ಎಕ್ಸೆಲ್‌ನಲ್ಲಿ ಏನನ್ನೂ ಬದಲಿಸದೆ ಪೈ ನಕ್ಷೆ ಮಾಡಿದರೆ ಮೊದಲ ಹೋಳು ಗಡಿಯಾರದ ಹನ್ನೆರಡರ ಸ್ಥಾನದಿಂದ ಆರಂಭವಾಗಿ ಮುಳ್ಳು ತಿರುಗುವ ದಿಕ್ಕಿನಲ್ಲಿ ಸಾಗುತ್ತದೆ, ಸೂಚಿಯಲ್ಲಿರುವ ಹೆಸರುಗಳೂ ಅದೇ ಕ್ರಮದಲ್ಲಿರುತ್ತವೆ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆದ ನಕ್ಷೆ ಹೀಗಲ್ಲ, ಅದು ಮೂರರ ಸ್ಥಾನದಿಂದ ಹೊರಟು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಹೋಗುತ್ತದೆ. ನಕ್ಷೆ ಯಾವುದರಲ್ಲಿ ತಯಾರಾಯಿತೆಂದು ತಿಳಿಯದಿದ್ದರೆ, ಸುತ್ತಲಿನ ಬರಹದಿಂದ ಖಚಿತವಾಗುವ ಒಂದು ಹೋಳನ್ನು ಮೊದಲು ಹಿಡಿಯಬೇಕು. ‘ಅತಿ ಹೆಚ್ಚು ಬಿತ್ತನೆಯಾದ ಬೆಳೆ ಬಿಳಿಜೋಳ’ ಎಂದು ವರದಿಯೇ ಹೇಳಿದ್ದರೆ ದೊಡ್ಡ ಹೋಳು ಅದರದೇ. ಅಲ್ಲಿಂದ ಸೂಚಿಯ ಕ್ರಮದಲ್ಲಿ ಎರಡೂ ದಿಕ್ಕಿಗೆ ನಡೆದು ನೋಡಿ, ಯಾವ ದಿಕ್ಕು ಹೊಂದುತ್ತದೆಂದು ನಿರ್ಧರಿಸಬಹುದು. ‘ಇತರೆ’ ಎಂಬ ಹೋಳು ಸಾಮಾನ್ಯವಾಗಿ ಕೊನೆಯಲ್ಲಿರುವುದರಿಂದ ಅದೂ ಒಂದು ಗುರುತು.

ಕೋಷ್ಟಕಕ್ಕೆ ನಾಲ್ಕು ಕಾಲಂ ಸಾಕು: ಬೆಳೆಯ ಹೆಸರು, ಲೇಬಲ್ಲಿನಲ್ಲಿ ಮುದ್ರಿತವಾಗಿರುವ ಅಂಕಿ ಇದ್ದಂತೆಯೇ, ನಾವು ಓದಿಕೊಂಡ ಸಂಖ್ಯೆ, ಮತ್ತು ಟಿಪ್ಪಣಿ. ಎರಡನೆಯ ಕಾಲಂ ಅನವಶ್ಯಕವೆಂದು ಹಲವರು ಬಿಡುತ್ತಾರೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಮುದ್ರಿತ ರೂಪವನ್ನು ಹಾಗೆಯೇ ಬರೆದಿಟ್ಟರೆ, ಮುಂದೆ ಅನುಮಾನ ಬಂದಾಗ ದೋಷ ಓದಿನಲ್ಲಿ ಆಗಿದೆಯೋ ಸಂಖ್ಯೆಯನ್ನು ಟೈಪ್ ಮಾಡುವಾಗ ಆಗಿದೆಯೋ ಎಂಬುದನ್ನು ಬೇರ್ಪಡಿಸಿ ನೋಡಬಹುದು. ಹೋಳುಗಳನ್ನು ನಕ್ಷೆಯಲ್ಲಿರುವ ಕ್ರಮದಲ್ಲಿಯೇ ಸುತ್ತಿಕೊಂಡು ಬರೆಯಬೇಕು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಕೆಲಸ ಆಮೇಲೆ. ಆರಂಭದಲ್ಲಿಯೇ ಜೋಡಿಸಲು ಹೋದರೆ ಹನ್ನೆರಡರ ಸ್ಥಾನದ ಹತ್ತಿರ ಒತ್ತೊತ್ತಾಗಿರುವ ಸಣ್ಣ ಹೋಳುಗಳಲ್ಲಿ ಒಂದು ಬಿಟ್ಟುಹೋಗುತ್ತದೆ. ಅವುಗಳ ಲೇಬಲ್ಲುಗಳು ವೃತ್ತದ ಹೊರಗಿದ್ದು, ತೆಳುವಾದ ಗೆರೆಯೊಂದರಿಂದ ಮಾತ್ರ ಹೋಳಿಗೆ ಸೇರಿಕೊಂಡಿರುತ್ತವೆ, ಜೆರಾಕ್ಸಿನಲ್ಲಿ ಆ ಗೆರೆಯೇ ಮಾಯವಾಗಿರುತ್ತದೆ. ಬರೆದು ಮುಗಿದ ಮೇಲೆ ವೃತ್ತದಲ್ಲಿರುವ ಹೋಳುಗಳನ್ನು ಮತ್ತು ಕೋಷ್ಟಕದ ಸಾಲುಗಳನ್ನು ಎಣಿಸಿ ಹೋಲಿಸಬೇಕು. ಕೂಡಿಸುವುದು ಅನಂತರದ ಮಾತು.

ನಮ್ಮ ಉದಾಹರಣೆಯಲ್ಲಿ ಮೊದಲ ಓದಿನಲ್ಲಿ ಹೀಗೆ ಬಂತೆಂದು ಇಟ್ಟುಕೊಳ್ಳೋಣ: ಬಿಳಿಜೋಳ 39, ಕಡಲೆ 27, ಗೋಧಿ 13, ಸೂರ್ಯಕಾಂತಿ 10, ಕುಸುಬೆ 7, ಅಗಸೆ 4, ಇತರೆ 4. ಮೊತ್ತ 104.

ಇದು ಅಂಕಿಗಳನ್ನು ಪೂರ್ಣ ಸಂಖ್ಯೆಗೆ ತಂದದ್ದರಿಂದ ಆದ ವ್ಯತ್ಯಾಸವೇ, ಅಥವಾ ನಮ್ಮ ಓದಿನ ತಪ್ಪೇ? ‘27’ ಎಂದು ಮುದ್ರಿತವಾಗಿದ್ದರೆ ನಿಜವಾದ ಪಾಲು 26.5 ಮತ್ತು 27.5ರ ನಡುವೆ ಎಲ್ಲಿಯಾದರೂ ಇರಬಹುದು. ಅಂದರೆ ಒಂದು ಹೋಳಿಗೆ ಹೆಚ್ಚೆಂದರೆ ಅರ್ಧ ಶೇಕಡಾದ ವ್ಯತ್ಯಾಸ. ಏಳು ಹೋಳುಗಳ ವ್ಯತ್ಯಾಸವೂ ಒಂದೇ ಕಡೆಗೆ ಬಿದ್ದರೆ ಒಟ್ಟು ಮೂರೂವರೆ. ಮೊತ್ತ ಪೂರ್ಣ ಸಂಖ್ಯೆಯೇ ಆಗಿರುವುದರಿಂದ ಅದು 97ಕ್ಕಿಂತ ಕೆಳಗಾಗಲಿ 103ಕ್ಕಿಂತ ಮೇಲಾಗಲಿ ಹೋಗಲಾರದು. ಇದನ್ನೇ ಇನ್ನೊಂದು ರೀತಿ ನೋಡಬಹುದು. ಪ್ರತಿ ಅಂಕಿಯಿಂದ 0.5 ಕಳೆದು ಕೂಡಿಸಿದರೆ ಕೆಳಗಿನ ಮಿತಿ 100.5, ಪ್ರತಿ ಅಂಕಿಗೆ 0.5 ಸೇರಿಸಿ ಕೂಡಿಸಿದರೆ ಮೇಲಿನ ಮಿತಿ 107.5. ಈ ಎರಡರ ನಡುವೆ 100 ಬರುವುದೇ ಇಲ್ಲ. ಹಾಗಾಗಿ 104 ಎಂಬ ಮೊತ್ತವನ್ನು ಏಳು ಹೋಳುಗಳ ನಕ್ಷೆ ಪೂರ್ಣ ಸಂಖ್ಯೆಗೆ ತರುವುದರಿಂದ ಮಾತ್ರ ಕೊಡಲಾರದು. ಎಲ್ಲೋ ಒಂದು ಅಂಕಿ ತಪ್ಪಾಗಿದೆ ಎಂದು ಇಲ್ಲಿ ಖಚಿತವಾಗಿ ಹೇಳಬಹುದು.

ತಪ್ಪನ್ನು ಹುಡುಕುವಾಗ ಎಲ್ಲ ಅಂಕಿಗಳನ್ನೂ ಸಮಾನವಾಗಿ ಅನುಮಾನಿಸಬೇಕಾಗಿಲ್ಲ. ಕನ್ನಡ ಅಂಕಿಗಳಲ್ಲಿ ಸಣ್ಣ ಅಕ್ಷರದ, ಮಸುಕಾದ ಪ್ರತಿಯಲ್ಲಿ ಒಂದರಂತೆ ಒಂದು ಕಾಣುವ ಜೋಡಿಗಳು ಕೆಲವೇ ಇವೆ. ೬ ಮತ್ತು ೯ ಅಂಥ ಒಂದು ಜೋಡಿ. ೧ರ ಬಾಯಿ ಮಸಿಯಿಂದ ಮುಚ್ಚಿಹೋದರೆ ಅದು ೦ಯಂತೆ ಕಾಣುತ್ತದೆ. ಇವುಗಳಲ್ಲಿ ಪ್ರತಿಯೊಂದು ಅದಲುಬದಲು ಮೊತ್ತವನ್ನು ತನ್ನದೇ ಆದ ಪ್ರಮಾಣದಲ್ಲಿ ಕೆಡಿಸುತ್ತದೆ. ೬ನ್ನು ೯ ಎಂದು ಓದಿದರೆ ಮೊತ್ತ 3 ಹೆಚ್ಚುತ್ತದೆ. ೧ ಮತ್ತು ೦ ಬಿಡಿಸ್ಥಾನದಲ್ಲಿ ಅದಲುಬದಲಾದರೆ 1ರ ವ್ಯತ್ಯಾಸ, ಹತ್ತರ ಸ್ಥಾನದ ೧ ಕಣ್ತಪ್ಪಿದರೆ 10ರ ವ್ಯತ್ಯಾಸ. ಎರಡು ಅಂಕೆಗಳು ತಿರುಗುಮುರುಗಾದರೆ, ಉದಾಹರಣೆಗೆ 13ರ ಬದಲು 31 ಎಂದು ಬರೆದರೆ, ವ್ಯತ್ಯಾಸ ಯಾವಾಗಲೂ 9ರ ಗುಣಕವಾಗಿರುತ್ತದೆ. ಲೆಕ್ಕಪತ್ರ ಬರೆಯುವವರಿಗೆ ಇದು ಗೊತ್ತಿರುವ ಸೂತ್ರವೇ. ಆದರೆ ಖಾತೆಪುಸ್ತಕದಲ್ಲಿ ಸರಿಯಾದ ಮೊತ್ತ ಒಂದೇ ಇರುತ್ತದೆ, ಪೈ ನಕ್ಷೆಯಲ್ಲಿ ಅದು 99, 100, 101ರಲ್ಲಿ ಯಾವುದೂ ಆಗಬಹುದು. ಆದ್ದರಿಂದ ಇಲ್ಲಿ 18ರ ಜೊತೆಗೆ 17 ಮತ್ತು 19ರ ವ್ಯತ್ಯಾಸ ಕಂಡಾಗಲೂ ತಿರುಗುಮುರುಗನ್ನು ಅನುಮಾನಿಸಬೇಕು.

ನಮ್ಮ ಮೊತ್ತದಲ್ಲಿ ಹೆಚ್ಚಾಗಿರುವುದು ಸ್ವಲ್ಪವೇ, ಮತ್ತು ಇಡೀ ಪಟ್ಟಿಯಲ್ಲಿ ೯ ಇರುವುದು ಒಂದೇ ಕಡೆ, ಬಿಳಿಜೋಳದ ‘೩೯’ರಲ್ಲಿ. ಅದು ‘೩೬’ ಆಗಿರಬಹುದೇ? ಊಹಿಸಿ ಬದಲಿಸುವ ಮೊದಲು ನಕ್ಷೆಯನ್ನೇ ಸಾಕ್ಷಿ ಕೇಳಬೇಕು. ವೃತ್ತದ 360 ಡಿಗ್ರಿಯಲ್ಲಿ ಒಂದು ಶೇಕಡಾಕ್ಕೆ 3.6 ಡಿಗ್ರಿ ಸಲ್ಲುತ್ತದೆ. 36 ಆಗಿದ್ದರೆ ಹೋಳಿನ ಕೋನ ಸುಮಾರು 130 ಡಿಗ್ರಿ, 39 ಆಗಿದ್ದರೆ ಸುಮಾರು 140. ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕಕ್ಕೆ ಹತ್ತು ಡಿಗ್ರಿಗೂ ಮೀರಿದ ಈ ಅಂತರ ದೊಡ್ಡದೇ. ನಾಲ್ಕು ಸೆಂಟಿಮೀಟರ್ ತ್ರಿಜ್ಯದ ವೃತ್ತದ ಅಂಚಿನಲ್ಲಿ ಅದು ಏಳೂವರೆ ಮಿಲಿಮೀಟರ್ ಆಗುತ್ತದೆ. ಅಳೆದಾಗ 129 ಡಿಗ್ರಿ ಬಂದರೆ ಮಾತು ತೀರಿತು: 36ಕ್ಕೆ ಅವಕಾಶವಿರುವ ಕೋನ 127.8ರಿಂದ 131.4ರವರೆಗೆ, 39ಕ್ಕೆ ಅವಕಾಶವಿರುವುದು 138.6ರ ಮೇಲಷ್ಟೇ. ಓದಿದ್ದು ತಪ್ಪು, ಮುದ್ರಿತವಾಗಿರುವುದು ೩೬.

ಈ ಕೋನದ ಪರೀಕ್ಷೆ ವೃತ್ತವು ವೃತ್ತವಾಗಿಯೇ ಉಳಿದಿದ್ದಾಗ ಮಾತ್ರ ನಡೆಯುತ್ತದೆ. ತಟ್ಟೆಯನ್ನು ಓರೆಯಾಗಿ ಹಿಡಿದಂತೆ ಕಾಣುವ ತ್ರೀ-ಡಿ ನಕ್ಷೆಗಳಲ್ಲಿ ಮುಂಭಾಗ ಮತ್ತು ಪಕ್ಕದ ಹೋಳುಗಳ ಕೋನಗಳು ಬೇರೆ ಬೇರೆಯಾಗಿ ವಿಕಾರಗೊಂಡಿರುತ್ತವೆ. ಓರೆಯಾಗಿ ತೆಗೆದ ಮೊಬೈಲ್ ಫೋಟೋದಲ್ಲಿಯೂ ಹೀಗೆಯೇ. ಅಡ್ಡಗಲವನ್ನೂ ಉದ್ದವನ್ನೂ ಮೊದಲು ಅಳೆದು, ಎರಡೂ ಒಂದೇ ಇವೆಯೆಂದು ಖಚಿತಪಡಿಸಿಕೊಳ್ಳದೆ ಕೋನಮಾಪಕ ಇಡಬಾರದು.

ತಿದ್ದಿದ ಮೇಲೆ ಕೋಷ್ಟಕ ಹೀಗಾಗುತ್ತದೆ.

| ಬೆಳೆ | ಮುದ್ರಿತ ಲೇಬಲ್ | ಓದಿದ ಶೇಕಡಾ | ಟಿಪ್ಪಣಿ |
|---|---|---|---|
| ಬಿಳಿಜೋಳ | ೩೬ | 36 | ೩೯ ಎಂದೂ ಕಾಣುತ್ತದೆ, ಕೋನ 129 ಡಿಗ್ರಿ |
| ಕಡಲೆ | ೨೭ | 27 | |
| ಗೋಧಿ | ೧೩ | 13 | |
| ಸೂರ್ಯಕಾಂತಿ | ೧೦ | 10 | |
| ಕುಸುಬೆ | ೭ | 7 | ಲೇಬಲ್ ವೃತ್ತದ ಹೊರಗೆ |
| ಅಗಸೆ | ೪ | 4 | ಲೇಬಲ್ ವೃತ್ತದ ಹೊರಗೆ |
| ಇತರೆ | ೪ | 4 | ಲೇಬಲ್ ವೃತ್ತದ ಹೊರಗೆ |
| ಒಟ್ಟು | | 101 | ಪೂರ್ಣ ಸಂಖ್ಯೆಗೆ ತಂದದ್ದರಿಂದ 1 ಹೆಚ್ಚು |

ಮೊತ್ತ 101. ಇಲ್ಲಿ ನಿಲ್ಲಬೇಕು. ಈ 101 ತಪ್ಪಲ್ಲ ಎಂಬುದನ್ನು ನಂಬಿಸಲು, ನಕ್ಷೆಯನ್ನು ಕಟ್ಟುವಾಗ ನಾನು ಬಳಸಿದ ಮೂಲ ಅಂಕಿಗಳನ್ನು ತೋರಿಸುತ್ತೇನೆ. 640 ಹೆಕ್ಟೇರಿನಲ್ಲಿ ಬಿಳಿಜೋಳ 229, ಕಡಲೆ 170, ಗೋಧಿ 86, ಸೂರ್ಯಕಾಂತಿ 62, ಕುಸುಬೆ 42, ಅಗಸೆ 23, ಇತರೆ 28. ಕೂಡಿಸಿದರೆ ಸರಿಯಾಗಿ 640. ಕಡಲೆಯ ನಿಜವಾದ ಪಾಲು 26.56, ಅದು 27 ಆಯಿತು. ಕುಸುಬೆಯ 6.56 ಏರಿ 7 ಆಯಿತು. ಬಿಳಿಜೋಳ, ಸೂರ್ಯಕಾಂತಿ, ಅಗಸೆಗಳೂ ಮೇಲಕ್ಕೇ ಹೋದವು. ಕೆಳಗಿಳಿದವು ಗೋಧಿ ಮತ್ತು ಇತರೆ, ಎರಡೇ. ಮೇಲೇರಿದವುಗಳ ಭಾರ ಹೆಚ್ಚಾಗಿ, ಒಟ್ಟಿನಲ್ಲಿ ಸರಿಯಾಗಿ ಒಂದು ಶೇಕಡಾ ಹೆಚ್ಚುವರಿ ಉಳಿಯಿತು. ಯಾರ ತಪ್ಪೂ ಇಲ್ಲದೆ ಮೊತ್ತ 101 ಆಗುವುದು ಹೀಗೆ.

ಇದು ಎಷ್ಟು ಸಾಮಾನ್ಯ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ಫ್ರೆಡರಿಕ್ ಮೋಸ್ಟೆಲರ್, ಕ್ಲಿಯೋ ಯೂಟ್ಜ್ ಮತ್ತು ಡಗ್ಲಸ್ ಜಾನ್ 1967ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು ಅಧ್ಯಯನ ಮಾಡಿದ್ದರು. ದಶಾಂಶದ ಭಾಗಗಳು ಯಾವ ಕಡೆಗೂ ವಾಲದೆ ಹರಡಿವೆ ಎಂದು ಭಾವಿಸಿದರೆ, ಮೂರು ಹೋಳುಗಳಿದ್ದಾಗ ಮೊತ್ತ ಸರಿಯಾಗಿ 100 ಬರುವ ಸಂಭವ ನಾಲ್ಕರಲ್ಲಿ ಮೂರು, ನಾಲ್ಕು ಹೋಳುಗಳಿದ್ದಾಗ ಮೂರರಲ್ಲಿ ಎರಡು. ನಮ್ಮಂತೆ ಏಳು ಹೋಳುಗಳಿದ್ದರೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಉಳಿದ ಅರ್ಧದ ಬಹುಪಾಲು 99 ಅಥವಾ 101ಕ್ಕೆ ಸಲ್ಲುತ್ತದೆ. 98 ಅಥವಾ 102 ಬರುವುದು ನೂರಕ್ಕೆ ಮೂರು ಸಲ, 97 ಅಥವಾ 103 ಬರುವುದು ಲಕ್ಷಕ್ಕೆ ನಾಲ್ಕೈದು ಸಲ ಮಾತ್ರ. ಆದ್ದರಿಂದ ಏಳು ಹೋಳುಗಳ ನಕ್ಷೆಯಲ್ಲಿ 103 ಬಂದರೆ, ಮಿತಿಯ ಒಳಗೇ ಇದೆಯೆಂದು ಸುಮ್ಮನಿರದೆ, ಅದನ್ನು ಓದಿನ ತಪ್ಪೆಂದೇ ಎಣಿಸಿ ಮತ್ತೊಮ್ಮೆ ನೋಡುವುದು ವಿವೇಕ. 102 ಬಂದರೂ ಒಮ್ಮೆ ಲೇಬಲ್ಲುಗಳ ಕಡೆ ಕಣ್ಣಾಡಿಸಬೇಕು.

101ನ್ನು ಕಂಡಕೂಡಲೇ ‘ಇತರೆ’ಯಲ್ಲಿ ಒಂದನ್ನು ಕಡಿಮೆ ಮಾಡಿ 3 ಎಂದು ಬರೆಯುವ ರೂಢಿ ನಮ್ಮ ಕಚೇರಿಗಳಲ್ಲಿ ಬಲವಾಗಿದೆ. ಮೇಲಧಿಕಾರಿಗಳು ಮೊತ್ತ 100 ಇಲ್ಲದ ಕೋಷ್ಟಕವನ್ನು ಹಿಂದಿರುಗಿಸುತ್ತಾರೆ ಎಂಬುದು ಅದಕ್ಕೆ ಕೊಡುವ ಕಾರಣ. ಆ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಇದನ್ನು ಮಾಡಬಾರದು. ಇತರೆಯ ನಿಜವಾದ ಪಾಲು 4.375. ಅದನ್ನು 3 ಎಂದು ಬರೆದರೆ ಮೂಲ ವರದಿಯಲ್ಲಿ ಎಲ್ಲಿಯೂ ಇಲ್ಲದ ಅಂಕಿಯೊಂದನ್ನು ನಾವು ಹುಟ್ಟಿಸಿದಂತಾಯಿತು, ಅದೂ ಸತ್ಯದಿಂದ ಇನ್ನಷ್ಟು ದೂರದ್ದನ್ನು. ಸರಿಯಾದ ದಾರಿ ಎಂದರೆ ಮುದ್ರಿತ ಅಂಕಿಗಳನ್ನು ಹಾಗೆಯೇ ಇಟ್ಟು, ಒಟ್ಟು ಸಾಲಿನಲ್ಲಿ 101 ಎಂದೇ ಬರೆದು, ‘ಅಂಕಿಗಳನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಿರುವುದರಿಂದ ಮೊತ್ತ 100 ಆಗಿಲ್ಲ’ ಎಂದು ಕೋಷ್ಟಕದ ಕೆಳಗೆ ಒಂದು ಸಾಲು ಸೇರಿಸುವುದು.

ಲೇಬಲ್ಲೇ ಇಲ್ಲದ ಹೋಳಿನ ವಿಷಯದಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಅಗಸೆಯ ಲೇಬಲ್ ಜೆರಾಕ್ಸಿನಲ್ಲಿ ಪೂರ್ತಿ ಅಳಿಸಿಹೋಗಿದೆ ಎಂದುಕೊಳ್ಳಿ. ಉಳಿದ ಆರರ ಮೊತ್ತ 97. ನೂರರಿಂದ ಕಳೆದು ಅಗಸೆಗೆ 3 ಎಂದು ಬರೆಯಲು ಕೈ ಮುಂದಾಗುತ್ತದೆ. ಆದರೆ ಮುದ್ರಿತವಾಗಿದ್ದದ್ದು 4. ಉಳಿದ ಆರೂ ಹೋಳುಗಳ ಅರ್ಧರ್ಧ ಶೇಕಡಾದ ವ್ಯತ್ಯಾಸವೆಲ್ಲ ಕಳೆಯುವಾಗ ಈ ಒಂದು ಸಾಲಿನ ಮೇಲೆ ಬಂದು ಕೂಡುತ್ತದೆ, ಹಾಗಾಗಿ 3 ಎಂಬ ಶೇಷ ನಿಜವಾಗಿ ಹೇಳುವುದು ‘0ಯಿಂದ 6ರವರೆಗೆ ಎಷ್ಟಾದರೂ’ ಎಂದಷ್ಟೇ. ಚಿಕ್ಕ ಹೋಳಿಗೆ ಇದು ಏನನ್ನೂ ಹೇಳದಿರುವುದಕ್ಕೆ ಸಮ. ಇಂಥಲ್ಲಿ ಕೋನವನ್ನು ಅಳೆಯುವುದೇ ಮೇಲು. ಅಗಸೆಯ ಹೋಳು ಸುಮಾರು 13 ಡಿಗ್ರಿ ಬರುತ್ತದೆ, ಅದನ್ನು 3.6ರಿಂದ ಭಾಗಿಸಿದರೆ 3.6 ಶೇಕಡಾ. ಅಳತೆಯಲ್ಲಿ ಒಂದು ಡಿಗ್ರಿ ಆಚೀಚೆಯಾದರೂ ತಪ್ಪು ಕಾಲು ಶೇಕಡಾವನ್ನು ಸ್ವಲ್ಪವೇ ಮೀರುತ್ತದೆ. ಹೀಗೆ ಪಡೆದ ಸಂಖ್ಯೆಯನ್ನು ‘ಅಳೆದದ್ದು, ಮುದ್ರಿತವಲ್ಲ’ ಎಂದು ಟಿಪ್ಪಣಿಯಲ್ಲಿ ಹೇಳಿಯೇ ಬಳಸಬೇಕು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಅಗಸೆಗೂ ಇತರೆಗೂ ಲೇಬಲ್ಲಿನಲ್ಲಿ ೪ ಎಂದೇ ಇದೆ, ಆದರೆ ಚಿತ್ರದಲ್ಲಿ ಇತರೆಯ ಹೋಳು ಅಗಸೆಯದಕ್ಕಿಂತ ಸುಮಾರು ಮೂರು ಡಿಗ್ರಿಯಷ್ಟು ಹೆಚ್ಚು ಅಗಲವಾಗಿದೆ. ತಂತ್ರಾಂಶ ಹೋಳನ್ನು ಎಳೆಯುವುದು ಮೂಲ ಸಂಖ್ಯೆಯಿಂದ, ಲೇಬಲ್ಲನ್ನು ಬರೆಯುವುದು ಪೂರ್ಣ ಸಂಖ್ಯೆಗೆ ತಂದ ಬಳಿಕ.

ಮೊತ್ತದ ಪರೀಕ್ಷೆಗೆ ಸಿಕ್ಕದ ತಪ್ಪುಗಳೂ ಇವೆ. ಕುಸುಬೆಯ 7 ಮತ್ತು ಅಗಸೆಯ 4 ಅದಲುಬದಲಾದರೆ ಮೊತ್ತದಲ್ಲಿ ಒಂದಿಷ್ಟೂ ವ್ಯತ್ಯಾಸವಾಗದು, ಅದನ್ನು ಹೋಳಿನ ಗಾತ್ರ ನೋಡಿಯೇ ಹಿಡಿಯಬೇಕು. ಸೂರ್ಯಕಾಂತಿಯ ೧೦ನ್ನು ಯಾರಾದರೂ 9 ಎಂದು ಟೈಪ್ ಮಾಡಿದರೆ ಮೊತ್ತ ಸರಿಯಾಗಿ 100 ಆಗಿಬಿಡುತ್ತದೆ. ಆಗ ತಪ್ಪಾದ ಕೋಷ್ಟಕ ಸರಿಯಾದ ಕೋಷ್ಟಕಕ್ಕಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಈ ಕಾರಣಕ್ಕಾಗಿಯೇ ಮೊತ್ತ ಏನೇ ಬಂದರೂ ಇನ್ನೊಬ್ಬರು ಲೇಬಲ್ಲುಗಳನ್ನು ಗಟ್ಟಿಯಾಗಿ ಓದುತ್ತ ಹೋಗಿ, ಬರೆದವರು ಕೋಷ್ಟಕದಲ್ಲಿ ಗುರುತು ಹಾಕುತ್ತ ಹೋಗುವ ಹಳೆಯ ಕ್ರಮವನ್ನು ಬಿಡಬಾರದು.

ಇನ್ನೊಂದು ಮಿತಿ ಶೇಕಡಾ ಲೆಕ್ಕಕ್ಕೆ ಆಧಾರವಾದ ಒಟ್ಟು ಸಂಖ್ಯೆಗೆ ಸಂಬಂಧಿಸಿದ್ದು. ನಮ್ಮ ಭಾಗದಲ್ಲಿ ಜೋಳದ, ಕಡಲೆಯ ಹೊಲಗಳಲ್ಲಿ ಕುಸುಬೆಯನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಾರೆ. ಆ ಹೊಲವನ್ನು ಕಡಲೆಯ ಲೆಕ್ಕಕ್ಕೂ ಕುಸುಬೆಯ ಲೆಕ್ಕಕ್ಕೂ ಪೂರ್ತಿಯಾಗಿ ಸೇರಿಸಿದ್ದರೆ ಒಟ್ಟು ಕ್ಷೇತ್ರ ಇರುವುದಕ್ಕಿಂತ ಹೆಚ್ಚಾಗುತ್ತದೆ. ಆದರೂ ಪೈ ನಕ್ಷೆಯ ಶೇಕಡಾಗಳು ನೂರಕ್ಕೇ ಬಂದು ನಿಲ್ಲುತ್ತವೆ, ಏಕೆಂದರೆ ತಂತ್ರಾಂಶ ಕೊಟ್ಟ ಸಂಖ್ಯೆಗಳನ್ನು ಅವುಗಳದೇ ಮೊತ್ತದಿಂದ ಭಾಗಿಸುತ್ತದೆ. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ರೈತರನ್ನು ನೀರಿನ ಮೂಲ ಕೇಳಿದಾಗ ಒಬ್ಬರೇ ಕಾಲುವೆ, ಕೊಳವೆಬಾವಿ ಎರಡನ್ನೂ ಹೇಳಬಹುದು. ಅಂಥ ಉತ್ತರಗಳ ಶೇಕಡಾಗಳನ್ನು ಕೈಯಾರೆ ಹೋಳುಗಳ ಮೇಲೆ ಬರೆದಿದ್ದರೆ ಮೊತ್ತ 130 ಬಂದರೂ ಅಚ್ಚರಿಯಿಲ್ಲ. ಅಲ್ಲಿ ಓದಿನ ತಪ್ಪನ್ನು ಹುಡುಕುವುದು ವ್ಯರ್ಥ, ಆ ದತ್ತಾಂಶಕ್ಕೆ ಪೈ ನಕ್ಷೆಯೇ ಹೊಂದದು.

ಕೋಷ್ಟಕವನ್ನು ಕಂಪ್ಯೂಟರಿನಲ್ಲಿ ಮಾಡುವವರು, ಮೇಲಿನ ಕ್ರಮದಲ್ಲಿ ಓದಿದ ಸಂಖ್ಯೆಗಳು C2ರಿಂದ C8ರವರೆಗೆ ಇದ್ದರೆ, ಈ ಮೂರು ಸೂತ್ರಗಳನ್ನು ಬಳಸಬಹುದು.

```
=COUNT(C2:C8)
=SUM(C2:C8)
=ABS(SUM(C2:C8)-100)<=0.5*COUNT(C2:C8)
```

ಮೊದಲನೆಯದು 7 ಎಂದೇ ತೋರಿಸಬೇಕು. ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ ಅಥವಾ ಅಕ್ಷರವೊಂದು ಅಂಟಿಕೊಂಡ ಸಂಖ್ಯೆಯನ್ನು ತಂತ್ರಾಂಶ ಬರಿಯ ಪಠ್ಯವೆಂದು ತೆಗೆದುಕೊಳ್ಳಬಹುದು. ಆಗ SUM ಅದನ್ನು ಸದ್ದಿಲ್ಲದೆ ಬಿಟ್ಟು ಕೂಡಿಸುತ್ತದೆ, ಮೊತ್ತದ ಕೊರತೆಯನ್ನು ನಾವು ಓದಿನ ತಪ್ಪೆಂದು ಎಣಿಸಿ ನಕ್ಷೆಯಲ್ಲಿ ಹುಡುಕುತ್ತ ಕೂಡುತ್ತೇವೆ. ಮೂರನೆಯ ಸೂತ್ರ TRUE ಎಂದರೆ ಮೊತ್ತ ಮಿತಿಯೊಳಗಿದೆ, FALSE ಎಂದರೆ ತಪ್ಪು ಖಚಿತ. ಕೋಶದಲ್ಲಿ 36% ಎಂದು ಚಿಹ್ನೆಯೊಡನೆ ಬರೆದರೆ ಒಳಗೆ ಉಳಿಯುವುದು 0.36, ಆದ್ದರಿಂದ ಚಿಹ್ನೆಯನ್ನು ಕಾಲಂನ ತಲೆಬರಹಕ್ಕೆ ಬಿಟ್ಟು, ಕೋಶದಲ್ಲಿ 36 ಎಂದಷ್ಟೇ ಬರೆಯುವುದು ಒಳ್ಳೆಯದು. ಲೇಬಲ್ಲುಗಳು 35.8ರಂತೆ ಒಂದು ದಶಾಂಶದೊಡನೆ ಇದ್ದರೆ 0.5ರ ಬದಲು 0.05 ಬಳಸಬೇಕು. ಆಗ ಏಳು ಹೋಳುಗಳಿಗೆ ಮೊತ್ತ 99.7ರಿಂದ 100.3ರ ಒಳಗೆ ಇರಲೇಬೇಕಾಗಿ, ಪರೀಕ್ಷೆ ಹತ್ತು ಪಟ್ಟು ಬಿಗಿಯಾಗುತ್ತದೆ.

ಕೋಷ್ಟಕದಿಂದ ಹೆಕ್ಟೇರ್ ಲೆಕ್ಕಕ್ಕೆ ಹಿಂದಿರುಗುವವರು ಪ್ರತಿ ಅಂಕಿಯ ಎರಡೂ ಮಿತಿಗಳನ್ನು ಜೊತೆಗೆ ಒಯ್ಯಬೇಕು. ಒಟ್ಟು 640 ಹೆಕ್ಟೇರಿನಲ್ಲಿ ಶೇಕಡಾ 4 ಎಂದರೆ 25.6 ಹೆಕ್ಟೇರ್ ಎಂದು ಬರೆದರೆ ದಶಾಂಶದ ಕಾರಣದಿಂದ ಬಹಳ ನಿಖರವೆಂಬ ಭಾವನೆ ಬರುತ್ತದೆ, ಆದರೆ ನಿಜವಾಗಿ ತಿಳಿದಿರುವುದು 22.4ರಿಂದ 28.8ರವರೆಗೆ ಎಂದಷ್ಟೇ. ಅಗಸೆಯ 23 ಹೆಕ್ಟೇರ್, ಇತರೆಯ 28 ಹೆಕ್ಟೇರ್ ಎರಡೂ ಆ ಅಂತರದಲ್ಲಿಯೇ ಇವೆ. ಬಿಳಿಜೋಳಕ್ಕೆ ಅದೇ ಲೆಕ್ಕ 227.2ರಿಂದ 233.6. ಅಂತರ ಎರಡರಲ್ಲಿಯೂ 6.4 ಹೆಕ್ಟೇರೇ ಆದರೂ, ಬಿಳಿಜೋಳದ ಮಟ್ಟಿಗೆ ಅದು ಅಲಕ್ಷಿಸಬಹುದಾದಷ್ಟು ಸಣ್ಣದು, ಅಗಸೆಯ ಮಟ್ಟಿಗೆ ಇಡೀ ಬೆಳೆಯ ಕಾಲುಭಾಗಕ್ಕಿಂತ ಹೆಚ್ಚು. ಬೀಜ ಅಥವಾ ವಿಮೆಯ ಲೆಕ್ಕಕ್ಕೆ ಅಗಸೆಯ ಕ್ಷೇತ್ರ ಬೇಕಾದವರು ಈ ನಕ್ಷೆಯನ್ನು ನೆಚ್ಚದೆ, ನಕ್ಷೆ ತಯಾರಿಸಿದವರಿಂದಲೇ ಹೆಕ್ಟೇರಿನ ಮೂಲ ಪಟ್ಟಿಯನ್ನು ಕೇಳಿ ಪಡೆಯಬೇಕು.